ಬಾಲ ಕತ್ತರಿಸಿದ ಮಾತು

ನಮ್ಮದು ಇಪ್ಪತ್ತನಾಲ್ಕು ಮನೆಗಳ ಚಿಕ್ಕ ಅಪಾರ್ಟ್‌ಮೆಂಟ್. ಕಳೆದ ವರ್ಷ ಸಂಘದ ಕಾರ್ಯದರ್ಶಿ ಕೆಲಸ ನನ್ನ ತಲೆಗೆ ಬಂತು. ಮೀಟಿಂಗ್‌ಗೆ ಹೋಗದೆ ತಪ್ಪಿಸಿಕೊಂಡವರ ಹೆಸರನ್ನೇ ಆರಿಸುವ ಪದ್ಧತಿ ನಮ್ಮಲ್ಲಿ, ಹಾಗಾಗಿ. ಬೇಸಿಗೆ ಶುರುವಾಗುವ ಮುಂಚೆ ಮೇಲಿನ ನೀರಿನ ಟ್ಯಾಂಕ್ ತೊಳೆಸಬೇಕಿತ್ತು. ನಾನು ಕೂತು ಅಚ್ಚುಕಟ್ಟಾಗಿ ಒಂದು ನೋಟಿಸ್ ಬರೆದೆ, ಪ್ರಿಂಟ್ ತೆಗೆದು ಲಿಫ್ಟ್ ಪಕ್ಕ ಅಂಟಿಸಿದೆ, ವಾಟ್ಸಾಪ್ ಗ್ರೂಪಿಗೂ ಹಾಕಿದೆ. ಅದು ಹೀಗಿತ್ತು:

"ಎಲ್ಲ ನಿವಾಸಿಗಳ ಗಮನಕ್ಕೆ. ಮೇಲ್ಛಾವಣಿಯ ನೀರಿನ ತೊಟ್ಟಿಯ ಸ್ವಚ್ಛಗೊಳಿಸುವಿಕೆ ಕಾರ್ಯವನ್ನು ಇದೇ ಭಾನುವಾರ ಹಮ್ಮಿಕೊಳ್ಳಲಾಗಿರುವ ಹಿನ್ನೆಲೆಯಲ್ಲಿ ನೀರು ಸರಬರಾಜಿನಲ್ಲಿ ವ್ಯತ್ಯಯ ಉಂಟಾಗುವ ಸಾಧ್ಯತೆ ಇರುತ್ತದೆ. ಸೂಕ್ತ ಪರಿಶೀಲನೆಯ ನಂತರ ಸರಬರಾಜಿನ ಪುನರಾರಂಭ ಮಾಡಲಾಗುವುದು. ಆರಂಭಿಕ ಹಂತದ ನೀರಿನ ಬಳಕೆಯನ್ನು ತಪ್ಪಿಸುವುದು ಸೂಕ್ತ. ನಿವಾಸಿಗಳ ಸಹಕಾರದ ನಿರೀಕ್ಷೆಯಲ್ಲಿ, ಆಡಳಿತ ಮಂಡಳಿ."

ಬರೆದು ಮುಗಿಸಿದಾಗ ನನಗೆ ನಿಜಕ್ಕೂ ಹೆಮ್ಮೆಯಾಗಿತ್ತು. ಥೇಟ್ ಸರ್ಕಾರಿ ಪ್ರಕಟಣೆ ಇದ್ದ ಹಾಗೆ ಇತ್ತು. ಗ್ರೂಪಿನಲ್ಲಿ ಹನ್ನೊಂದು ಹೆಬ್ಬೆಟ್ಟು ಬಂದವು.

ಭಾನುವಾರ ಸಂಜೆ ಮೂರನೇ ಮಹಡಿಯ ಅಜ್ಜಿ ಪಾತ್ರೆ ಹಿಡಿದುಕೊಂಡೇ ನಮ್ಮ ಮನೆಗೆ ಇಳಿದು ಬಂದರು. "ಏನಮ್ಮ ಇದು, ಅನ್ನಕ್ಕೆ ಆಸ್ಪತ್ರೆ ವಾಸನೆ ಬರ್ತಿದೆ?" ಪಾತ್ರೆಗೆ ಮೂಗಿಟ್ಟು ನೋಡಿದೆ. ಬ್ಲೀಚಿಂಗ್ ಪುಡಿಯ ಘಾಟು. ಅಷ್ಟರಲ್ಲಿ ಮೊದಲನೇ ಮಹಡಿಯಿಂದ ಫೋನ್. ಆ ಮನೆಯಲ್ಲಿ ನಾಲ್ಕು ತಿಂಗಳ ಕೂಸು. ಬಾಟಲಿಗೆ ಹಾಲಿನ ಪುಡಿ ಕಲಸೋಕೆ ನೀರು ಕಾಯಿಸುತ್ತಿದ್ದ ತಾಯಿಗೆ, ಪುಣ್ಯಕ್ಕೆ, ಆವಿಯಲ್ಲೇ ವಾಸನೆ ಗೊತ್ತಾಗಿತ್ತು. "ಅಕ್ಕ, ಒಂದು ಮಾತು ಹೇಳಬಾರದಿತ್ತಾ?" ಅಂದಳು.

"ನೋಟಿಸಲ್ಲಿ ಬರೆದಿದ್ದೆನಲ್ಲಾ" ಅನ್ನೋ ಮಾತು ಗಂಟಲವರೆಗೂ ಬಂತು. ಅಜ್ಜಿ ಮುಂದೆ ಫೋನ್ ತೆಗೆದು ಆ ಸಾಲು ಓದಿಯೂ ಬಿಟ್ಟೆ: "ಆರಂಭಿಕ ಹಂತದ ನೀರಿನ ಬಳಕೆಯನ್ನು ತಪ್ಪಿಸುವುದು ಸೂಕ್ತ."

ಅಜ್ಜಿ ಒಂದು ಕ್ಷಣ ಸುಮ್ಮನಿದ್ದು ಕೇಳಿದರು: "ಅಂದ್ರೆ ನಾನೇನು ಮಾಡ್ಬೇಕಿತ್ತು?"

ಆ ಪ್ರಶ್ನೆಗೆ ನನ್ನ ನೋಟಿಸಿನಲ್ಲಿ ಉತ್ತರವೇ ಇರಲಿಲ್ಲ. ಈ ಸಲದ ಅಂಕಣ ಅದರ ಬಗ್ಗೆ.

ನೋಟಿಸಿನಲ್ಲಿ ಏನಾಗಿತ್ತು?

ರಾತ್ರಿ ಆ ಕಾಗದ ತೆಗೆದು ಪೆನ್ಸಿಲ್ ಹಿಡಿದು ಕೂತೆ. ಒಂದೊಂದೇ ಪದಕ್ಕೆ ಗುರುತು ಹಾಕಿದೆ. ಸ್ವಚ್ಛಗೊಳಿಸುವಿಕೆ, ಕಾರ್ಯ, ಸರಬರಾಜು, ವ್ಯತ್ಯಯ, ಸಾಧ್ಯತೆ, ಪರಿಶೀಲನೆ, ಪುನರಾರಂಭ, ಬಳಕೆ, ಸಹಕಾರ, ನಿರೀಕ್ಷೆ. ಹತ್ತು ನಾಮಪದಗಳು. ಇವುಗಳಲ್ಲಿ ಬಹುಪಾಲು ಹುಟ್ಟಾ ಹೆಸರುಗಳಲ್ಲ. ಮೇಜು, ಮರ, ನೀರು ಅಂದರೆ ಕೈಯಲ್ಲಿ ಮುಟ್ಟುವ ವಸ್ತು. ಆದರೆ 'ಪರಿಶೀಲನೆ' ಅಂದರೆ ಯಾರೋ ಪರಿಶೀಲಿಸುವುದು, 'ಬಳಕೆ' ಅಂದರೆ ಯಾರೋ ಬಳಸುವುದು. ಒಂದು ಕಾಲಕ್ಕೆ ಕ್ರಿಯಾಪದಗಳಾಗಿ ಓಡಾಡಿಕೊಂಡಿದ್ದವನ್ನು ಹಿಡಿದು ಕೂರಿಸಿ ಹೆಸರು ಮಾಡಿದ್ದೇವೆ.

ಹೈಸ್ಕೂಲಿನ ವ್ಯಾಕರಣ ನೆನಪಿದ್ದರೆ ಇದಕ್ಕೆ ಕೃದಂತ ಭಾವನಾಮ ಅಂತ ಹೆಸರು. ಧಾತುವಿಗೆ ಪ್ರತ್ಯಯ ಹಚ್ಚಿದರೆ ಕ್ರಿಯೆಯೇ ಒಂದು ಹೆಸರಾಗುತ್ತದೆ: ಓಡು ಎಂಬುದು ಓಟ, ನೋಡು ಎಂಬುದು ನೋಟ, ಮಾಡು ಎಂಬುದು ಮಾಡುವಿಕೆ. ಇಂಥವು ಕನ್ನಡದಲ್ಲಿ ಮೊದಲಿನಿಂದಲೂ ಇವೆ, ಬೇಕೂ ಬೇಕು. ತೊಂದರೆ ಬರುವುದು ಒಂದೇ ವಾಕ್ಯದಲ್ಲಿ ನಾಲ್ಕೈದು ಸೇರಿಕೊಂಡಾಗ. ಇದು ಕನ್ನಡದ ಕಾಯಿಲೆ ಮಾತ್ರ ಅಲ್ಲ. ನ್ಯೂಜಿಲೆಂಡಿನ ಹೆಲೆನ್ ಸ್ವೋರ್ಡ್ ಎಂಬ ಬರವಣಿಗೆ ತಜ್ಞೆ 2012ರಲ್ಲಿ ಇಂಗ್ಲಿಷಿನ ಇಂಥ ಪದಗಳಿಗೆ 'ಜಾಂಬಿ ನಾಮಪದ' ಅಂತ ಅಡ್ಡಹೆಸರು ಇಟ್ಟರು. ನಡೆದಾಡುತ್ತವೆ, ಜೀವ ಇಲ್ಲ.

ಆದರೆ ಕನ್ನಡದಲ್ಲಿ ಈ ರೂಪಾಂತರದಿಂದ ಆಗುವ ನಷ್ಟ ಇಂಗ್ಲಿಷಿಗಿಂತ ದೊಡ್ಡದು. ಯಾಕೆ ಅಂತ ಹೇಳುತ್ತೇನೆ.

ಕ್ರಿಯಾಪದದ ಬಾಲ

'ತೊಳೆದಳು' ಅನ್ನಿ. ಒಂದೇ ಪದ. ಆದರೆ ಅದರ ತುದಿಯಲ್ಲಿರುವ ಬಾಲ ನೋಡಿ. ಮಾಡಿದ್ದು ಹೆಣ್ಣು, ಒಬ್ಬಳೇ, ಮಾತಾಡುತ್ತಿರುವ ನಾನಲ್ಲ, ಕೇಳುತ್ತಿರುವ ನೀವೂ ಅಲ್ಲ, ಕೆಲಸ ಮುಗಿದಿದೆ. ಇಷ್ಟನ್ನೂ ಆ ಬಾಲ ಹೇಳುತ್ತದೆ. 'ತೊಳೆಯುತ್ತೇವೆ' ಅಂದರೆ ಮಾಡುವವರು ನಾವು, ಇನ್ನು ಮುಂದೆ. 'ತೊಳೆಯಿರಿ' ಅಂದರೆ ಕೆಲಸ ನಿಮ್ಮದು. ಅದಕ್ಕೇ ನಾವು ಮಾತಾಡುವಾಗ ನಾನು, ನೀನು, ಅವಳು ಅಂತ ಪದೇಪದೇ ಹೇಳದೆಯೇ ದಿನವಿಡೀ ಹರಟಬಹುದು. "ಎಲ್ಲಿಗೆ ಹೋಗಿದ್ದೆ?" "ಮಾರ್ಕೆಟ್ಟಿಗೆ ಹೋಗಿದ್ದೆ." ಇಬ್ಬರೂ ಬೇರೆ ಬೇರೆಯವರು ಅನ್ನೋದು ಸಂದರ್ಭದಿಂದ ಗೊತ್ತಾಗುತ್ತದೆ, ಉಳಿದದ್ದನ್ನೆಲ್ಲ ಕ್ರಿಯಾಪದ ಹೊತ್ತುಕೊಳ್ಳುತ್ತದೆ.

ಈಗ 'ತೊಳೆಯುವಿಕೆ' ಅನ್ನಿ. ಬಾಲ ಹೋಯಿತು. ಯಾರು, ಎಷ್ಟು ಜನ, ನಿನ್ನೆಯೋ ನಾಳೆಯೋ, ಒಂದೂ ಉಳಿಯಲಿಲ್ಲ. ಕ್ರಿಯಾಪದ ಹೀಗೆ ಖಾಲಿಯಾದರೂ ವಾಕ್ಯ ಮುಗಿಯಬೇಕಲ್ಲ, ಅದಕ್ಕಾಗಿ ಒಂದು ಬಾಡಿಗೆ ಕ್ರಿಯಾಪದ ತರುತ್ತೇವೆ: ನಡೆಸು, ಕೈಗೊಳ್ಳು, ಹಮ್ಮಿಕೊಳ್ಳು, ಉಂಟಾಗು, ಒದಗಿಸು, ವಹಿಸು. ಇವು ಬರಿಯ ಕಂಬಗಳು. ಭಾರ ಹೊರುತ್ತವೆ, ಕೆಲಸ ಮಾಡುವುದಿಲ್ಲ. ಆಮೇಲೆ ಆ ಕಂಬಕ್ಕೂ '-ಲಾಗಿದೆ', '-ಲಾಗುವುದು' ಅಂತ ಸೇರಿಸಿ ಕೊನೇ ಬಾಲವನ್ನೂ ಕತ್ತರಿಸುತ್ತೇವೆ. 'ಸ್ವಚ್ಛಗೊಳಿಸುವಿಕೆ ಕಾರ್ಯವನ್ನು ಹಮ್ಮಿಕೊಳ್ಳಲಾಗಿದೆ.' ಮೂರು ಪದ, ಒಬ್ಬ ಮನುಷ್ಯನೂ ಇಲ್ಲ.

ನನ್ನ ನೋಟಿಸಿನಲ್ಲಿ ಅತ್ಯಂತ ಅಪಾಯಕಾರಿ ಸಾಲು ಯಾವುದು ಅಂತ ಆ ರಾತ್ರಿ ಹುಡುಕಿದೆ. 'ಆರಂಭಿಕ ಹಂತದ ನೀರು' ಅಂದುಕೊಂಡಿದ್ದೆ. ಅಲ್ಲ. ಅದಕ್ಕಿಂತ ಮುಂಚಿನದು: "ಸೂಕ್ತ ಪರಿಶೀಲನೆಯ ನಂತರ."

ಯಾರು ಪರಿಶೀಲಿಸಬೇಕಿತ್ತು? ನಾನು ಅಧ್ಯಕ್ಷರು ನೋಡುತ್ತಾರೆ ಅಂದುಕೊಂಡಿದ್ದೆ. ಮರುದಿನ ಅವರನ್ನು ಕೇಳಿದೆ. "ಅಯ್ಯೋ, ಟ್ಯಾಂಕ್ ತೊಳೆಯೋರೇ ನೋಡ್ಬೇಕಲ್ವೇನಮ್ಮ?" ಅಂದರು. ತೊಳೆಯುವವರು ನಮಗೆ ಹೇಳಿದ್ದು ತೊಳೆಯೋದಷ್ಟೇ ಅಂದರು. ಪುಡಿ ಕರಗಿಸಿದ ನೀರು ಬಿಟ್ಟು, ಉಜ್ಜಿ, ಆ ನೀರು ಹೊರಹಾಕಿ, ಒಂದು ಸಲ ತೊಳೆದು ಹೋಗಿದ್ದರು. ಅವರು ಹೋದಮೇಲೆ ಮೋಟರ್ ಹಾಕಿದ್ದು ವಾಚ್‌ಮನ್ ಅಣ್ಣ. "ಟ್ಯಾಂಕ್ ತುಂಬಿಸು ಅಂದ್ರು, ತುಂಬಿಸಿದೆ ಮೇಡಂ." ಪೈಪುಗಳಲ್ಲಿ ನಿಂತಿದ್ದ ಘಾಟು ನೀರನ್ನು ಹರಿಯಬಿಟ್ಟು ಹೊರಹಾಕಬೇಕು ಅಂತ ಯಾರಿಗೂ ಯಾರೂ ಹೇಳಿರಲಿಲ್ಲ.

ಇದು ಭಾಷೆಯ ಅಂದಚೆಂದದ ವಿಷಯ ಅಲ್ಲ ಅಂತ ನನಗೆ ಹೊಳೆದದ್ದು ಆಗ. ನಾನು 'ಪರಿಶೀಲಿಸುತ್ತೇವೆ' ಅಂತ ಬರೆಯಲು ಹೋಗಿದ್ದರೆ, ಆ '-ಏವೆ' ಬರೆಯುವಾಗಲೇ ಕೈ ನಿಲ್ಲುತ್ತಿತ್ತು. ನಾವು ಅಂದರೆ ಯಾರು? ಎಷ್ಟು ಹೊತ್ತಿಗೆ? 'ಪರಿಶೀಲನೆ' ಅಂತ ಬರೆದದ್ದಕ್ಕೆ ಕೈ ನಿಲ್ಲಲಿಲ್ಲ. ಯಾರಿಗೂ ಕೊಡದ ಕೆಲಸವೊಂದು ಆ ಪದದೊಳಗೆ ಕಾಣದಂತೆ ಕೂತಿತ್ತು. ಓದಿದವರಿಗೆ ಮಾತ್ರ ಅಲ್ಲ, ಬರೆದ ನನಗೂ ಕಾಣಲಿಲ್ಲ.

ನೋಟಿಸನ್ನು ಬಿಚ್ಚಿ ಹೊಲಿದದ್ದು

ಅದೇ ನೋಟಿಸನ್ನು ಹೇಗೆ ತಿದ್ದಿದೆ ಅಂತ ಒಂದೊಂದೇ ವಾಕ್ಯವಾಗಿ ತೋರಿಸುತ್ತೇನೆ. ಪ್ರತಿ ವಾಕ್ಯಕ್ಕೂ ಮಾಡಿದ್ದು ಮೂರೇ ಕೆಲಸ. ಮೊದಲು, ಕ್ರಿಯೆಯನ್ನು ಬಚ್ಚಿಟ್ಟುಕೊಂಡ ನಾಮಪದಕ್ಕೆ ಸುತ್ತು ಹಾಕುವುದು. ಎರಡು, "ಯಾರು?" ಅಂತ ಕೇಳುವುದು. ಮೂರು, ಬಾಡಿಗೆ ಕ್ರಿಯಾಪದವನ್ನು ಕಳಿಸಿ, ಸುತ್ತು ಹಾಕಿದ ಪದವನ್ನೇ ಕ್ರಿಯಾಪದ ಮಾಡಿ ಬಾಲ ಕಟ್ಟುವುದು.

ಮೊದಲ ವಾಕ್ಯ: 'ನೀರಿನ ತೊಟ್ಟಿಯ ಸ್ವಚ್ಛಗೊಳಿಸುವಿಕೆ ಕಾರ್ಯವನ್ನು ಹಮ್ಮಿಕೊಳ್ಳಲಾಗಿರುವ ಹಿನ್ನೆಲೆಯಲ್ಲಿ'. ಸುತ್ತು ಬಿದ್ದದ್ದು 'ಸ್ವಚ್ಛಗೊಳಿಸುವಿಕೆ'ಗೆ. 'ಕಾರ್ಯ', 'ಹಮ್ಮಿಕೊಳ್ಳು' ಎರಡೂ ಕಂಬಗಳು. ಯಾರು? ಕೆಲಸದವರು ತೊಳೆಯುತ್ತಾರೆ, ಆದರೆ ಕರೆಸಿದವರು ನಾವು. ಇದಕ್ಕೆ ಕನ್ನಡದಲ್ಲಿ ಚೆಂದದ ಉಪಾಯ ಇದೆ. ಮಾಡು, ಮಾಡಿಸು, ಕಟ್ಟು, ಕಟ್ಟಿಸು, ತೊಳೆ, ತೊಳೆಸು. 'ತೊಳೆಸುತ್ತೇವೆ' ಅಂದರೆ ಕೈಯಾರೆ ತೊಳೆಯುವವರು ಬೇರೆ, ಜವಾಬ್ದಾರಿ ನಮ್ಮದು ಅಂತ ಒಂದೇ ಪದದಲ್ಲಿ ಬಂತು. ಹಾಗಾಗಿ: "ಈ ಭಾನುವಾರ ನೀರಿನ ಟ್ಯಾಂಕ್ ತೊಳೆಸುತ್ತೇವೆ." ಒಂಬತ್ತು ಪದಗಳ ಜಾಗದಲ್ಲಿ ಐದು.

ಗಮನಿಸಿ, ಸ್ವಚ್ಛಗೊಳಿಸು ಅನ್ನೋದೇ ಕ್ರಿಯಾಪದ, ಅಲ್ಲಿಗೇ ನಿಲ್ಲಬಹುದಿತ್ತು. ನಾನು ಇನ್ನೊಂದು ಮೆಟ್ಟಿಲು ಇಳಿದೆ. ಸಾಮಾನ್ಯವಾಗಿ ಇಳಿಯೋಕೆ ಎರಡು ಮೆಟ್ಟಿಲು ಇರುತ್ತವೆ. 'ಶುಲ್ಕದ ಪಾವತಿ ಮಾಡತಕ್ಕದ್ದು' ಅನ್ನುವುದು 'ಶುಲ್ಕ ಪಾವತಿಸಿ' ಆಗುತ್ತದೆ, ಇನ್ನೂ ಇಳಿದರೆ 'ಫೀಸು ಕಟ್ಟಿ'. 'ಪುಸ್ತಕಗಳ ವಿತರಣೆ ನಡೆಸಲಾಯಿತು' ಅನ್ನುವುದು 'ಪುಸ್ತಕ ವಿತರಿಸಿದರು', ಆಮೇಲೆ 'ಪುಸ್ತಕ ಹಂಚಿದರು'. ಮೊದಲ ಮೆಟ್ಟಿಲು ಆ ನಾಮಪದಕ್ಕೇ 'ಇಸು' ಹಚ್ಚುವುದು. ಎರಡನೆಯದು ಮನೆಮಾತಿನ ಕ್ರಿಯಾಪದ. ಬ್ಯಾಂಕಿಗೆ ಬರೆಯುವ ಪತ್ರಕ್ಕೆ ಮೊದಲ ಮೆಟ್ಟಿಲು ಸಾಕು. ಲಿಫ್ಟ್ ಪಕ್ಕದ ನೋಟಿಸಿಗೆ ಎರಡನೆಯದೇ ಸರಿ.

ಎರಡನೇ ತುಂಡು: 'ನೀರು ಸರಬರಾಜಿನಲ್ಲಿ ವ್ಯತ್ಯಯ ಉಂಟಾಗುವ ಸಾಧ್ಯತೆ ಇರುತ್ತದೆ'. ಯಾರು ವ್ಯತ್ಯಯ ಮಾಡುವವರು? ನಾವೇ ವಾಲ್ವ್ ತಿರುಗಿಸಿ ನಿಲ್ಲಿಸುವವರು! 'ಉಂಟಾಗುವ ಸಾಧ್ಯತೆ' ಅಂದಾಗ ಅದು ಮಳೆಯ ಹಾಗೆ, ಬಂದರೂ ಬರಬಹುದು ಅನ್ನೋ ಅರ್ಥ ಬಂದಿತ್ತು. ಅದಕ್ಕೇ ಎಷ್ಟೋ ಮನೆಯವರು ನೀರು ಹಿಡಿದಿಟ್ಟುಕೊಂಡಿರಲಿಲ್ಲ. 'ನಿಲ್ಲಿಸುತ್ತೇವೆ' ಅಂತ ಬರೆದ ತಕ್ಷಣ ಪಕ್ಕದಲ್ಲಿ ಹೊತ್ತು ಕೇಳಿತು. "ಬೆಳಿಗ್ಗೆ 9ಕ್ಕೆ ನೀರು ನಿಲ್ಲಿಸಿ, ಸಂಜೆ 4ಕ್ಕೆ ಬಿಡುತ್ತೇವೆ. ಅಡುಗೆಗೆ, ಕುಡಿಯೋಕೆ ಬೇಕಾದಷ್ಟು 9ರೊಳಗೆ ಹಿಡಿದಿಟ್ಟುಕೊಳ್ಳಿ." ಮೊದಲಿನ ನೋಟಿಸಿನಲ್ಲಿ ಗಂಟೆಯೇ ಇರಲಿಲ್ಲ ಅನ್ನೋದು ನನಗೆ ಗೊತ್ತಾದದ್ದೂ ಆಗಲೇ. ಗಟ್ಟಿ ಕ್ರಿಯಾಪದಕ್ಕೆ ಹೀಗೊಂದು ಗುಣ. ಅದು ಬಂದರೆ ಯಾವಾಗ, ಎಲ್ಲಿ, ಎಷ್ಟು ಅನ್ನುವ ನೆಂಟರನ್ನು ಜೊತೆಗೇ ಕರೆಯುತ್ತದೆ.

ಮೂರನೆಯದು 'ಸೂಕ್ತ ಪರಿಶೀಲನೆಯ ನಂತರ ಸರಬರಾಜಿನ ಪುನರಾರಂಭ'. ಇದನ್ನು ಪೆನ್ಸಿಲ್ಲಿನಿಂದ ತಿದ್ದಲು ಆಗಲಿಲ್ಲ. ಫೋನ್ ಎತ್ತಬೇಕಾಯಿತು. ಅಧ್ಯಕ್ಷರ ಹತ್ತಿರ, ಪ್ಲಂಬರ್ ಹತ್ತಿರ ಮಾತಾಡಿ ಯಾರ ಕೆಲಸ ಯಾವುದು ಅಂತ ಗೊತ್ತುಮಾಡಿಕೊಂಡೆ. ಆಮೇಲೆ ಬರೆದದ್ದು: "ಟ್ಯಾಂಕ್ ಎರಡು ಸಲ ಜಾಲಿಸಿ, ತುಂಬಿಸಿ, ಪ್ಲಂಬರ್ ಕೆಳಗಿನ ನಲ್ಲಿ ಬಿಟ್ಟು ಪೈಪಿನ ನೀರು ಹೊರಹಾಕುತ್ತಾರೆ. ವಾಸನೆ ಹೋಗಿದೆಯಾ ಅಂತ ನಾನು ನೋಡಿ ಗ್ರೂಪಿನಲ್ಲಿ ಹಾಕುತ್ತೇನೆ."

ಇಲ್ಲಿ 'ಜಾಲಿಸಿ, ತುಂಬಿಸಿ, ಬಿಟ್ಟು' ನೋಡಿ. ಒಂದರ ಹಿಂದೆ ಒಂದು ನಡೆದ ಕೆಲಸಗಳನ್ನು ಹೀಗೆ ಪೋಣಿಸುವುದು ಕನ್ನಡಕ್ಕೆ ಬಲು ಸಲೀಸು. ಕೊನೆಯ ಕ್ರಿಯಾಪದಕ್ಕೆ ಮಾತ್ರ ಬಾಲ, ಉಳಿದವು ಅದರ ಹಿಂದೆ ರೈಲಿನ ಡಬ್ಬಿಗಳ ಹಾಗೆ. ನಮ್ಮಮ್ಮ ಫೋನಿನಲ್ಲಿ ಪೊಂಗಲ್ ಹೇಳಿಕೊಟ್ಟಿದ್ದು ಹೀಗೇ: "ಹೆಸರುಬೇಳೆ ಘಮ್ ಅನ್ನೋವರೆಗೂ ಹುರಿದು, ಅಕ್ಕಿ ಜೊತೆ ತೊಳೆದು, ನೀರು ಹಾಕಿ ನಾಲ್ಕು ಸೀಟಿ ಕೂಗಿಸು." ಇದನ್ನೇ ನನ್ನ ನೋಟಿಸಿನ ಭಾಷೆಯಲ್ಲಿ ಹೇಳಿದ್ದರೆ? 'ಬೇಳೆಯ ಹುರಿಯುವಿಕೆಯ ನಂತರ ಅಕ್ಕಿಯೊಂದಿಗೆ ತೊಳೆಯುವಿಕೆಯನ್ನು ಕೈಗೊಂಡು ಬೇಯಿಸುವ ಪ್ರಕ್ರಿಯೆಗೆ ಒಳಪಡಿಸತಕ್ಕದ್ದು.' ಆ ಪೊಂಗಲ್ ಯಾರು ತಿಂತಾರೆ?

ಕೊನೆಯದು, ಅಜ್ಜಿ ಸಾಲು. 'ಆರಂಭಿಕ ಹಂತದ ನೀರಿನ ಬಳಕೆಯನ್ನು ತಪ್ಪಿಸುವುದು ಸೂಕ್ತ'. ಸುತ್ತು ಬಿದ್ದದ್ದು 'ಬಳಕೆ'ಗೆ. ಯಾರು? ಅಜ್ಜಿ, ನೀವು. ಹಾಗಾದರೆ 'ಬಳಸಬೇಡಿ'. ಆದರೆ ಅಷ್ಟಕ್ಕೇ ಬಿಟ್ಟರೆ ಅಜ್ಜಿಯ ಪ್ರಶ್ನೆಗೆ ಅರ್ಧ ಉತ್ತರ. ಬಳಸದೆ ಏನು ಮಾಡಬೇಕು, ಯಾವಾಗಿಂದ ಬಳಸಬಹುದು, ಯಾಕೆ? "ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜುತ್ತಾರೆ. ಅದಕ್ಕೆ ನೀರು ಬಂದ ಮೇಲೆ ಎಲ್ಲ ನಲ್ಲಿಗಳನ್ನೂ ಬಿಟ್ಟು, ವಾಸನೆ ಹೋಗುವವರೆಗೂ ಹರಿಸಿ. ಆಮೇಲಷ್ಟೇ ಅಡುಗೆಗೆ, ಕುಡಿಯೋಕೆ ಹಿಡಿಯಿರಿ. ವಾಸನೆ ಹೋಗದಿದ್ದರೆ ನನಗೆ ಫೋನ್ ಮಾಡಿ."

'ಸಹಕಾರದ ನಿರೀಕ್ಷೆಯಲ್ಲಿ' ಅನ್ನೋದನ್ನು ತಿದ್ದಲಿಲ್ಲ, ಅಳಿಸಿದೆ. ಏನು ಮಾಡಬೇಕು ಅಂತ ಮೇಲೆ ಹೇಳಿಯಾಗಿತ್ತು. 'ಆಡಳಿತ ಮಂಡಳಿ' ಜಾಗದಲ್ಲಿ ನನ್ನ ಹೆಸರು, ಮನೆ ನಂಬರ್ ಹಾಕಿದೆ. ಸ್ವಲ್ಪ ಭಯ ಆಯಿತು ಅಂತ ಒಪ್ಪಿಕೊಳ್ಳುತ್ತೇನೆ. ಬಾಲ ಕಟ್ಟಿದ ಮೇಲೆ ಯಾರಾದರೂ ಹಿಡಿದು ಎಳೆಯಬಹುದು. ಬಾಲ ಇಲ್ಲದ ಭಾಷೆ ಕಚೇರಿಗಳಿಗೆ ಅಷ್ಟು ಪ್ರಿಯ ಯಾಕೆ ಅನ್ನೋದಕ್ಕೆ ಒಂದು ಕಾರಣ ಇದೂ ಇರಬೇಕು.

ಎಲ್ಲ ನಾಮಪದಕ್ಕೂ ಕತ್ತರಿ ಬೇಡ

ಹೊಸದಾಗಿ ಕಲಿತ ಉತ್ಸಾಹದಲ್ಲಿ ಒಂದು ವಾರ ಕಂಡಕಂಡದ್ದನ್ನೆಲ್ಲ ಕ್ರಿಯಾಪದ ಮಾಡಿದೆ. ಕೆಲವು ಕಡೆ ಕೆಡಿಸಿದೆ. ಹಾಗಾಗಿ ಎಲ್ಲಿ ನಿಲ್ಲಬೇಕು ಅನ್ನೋದೂ ಹೇಳಬೇಕು.

'ಮಾಡು' ಕಂಡ ತಕ್ಷಣ ಕತ್ತರಿ ಎತ್ತಬೇಡಿ. ಊಟ ಮಾಡು, ಸ್ನಾನ ಮಾಡು, ಅಡುಗೆ ಮಾಡು, ಫೋನ್ ಮಾಡು, ರಿಪೇರಿ ಮಾಡು. ಇವೆಲ್ಲ ನಾಮಪದದ ಜೊತೆ 'ಮಾಡು' ಸೇರಿದವೇ. ಆದರೆ ಇವು ಜನರ ಬಾಯಲ್ಲಿ ಒಂದೇ ಕ್ರಿಯಾಪದವಾಗಿ ಬೆಸೆದುಕೊಂಡಿವೆ. ಹೊರಗಿನ ಪದಗಳನ್ನು ನಾವು ಮನೆಯೊಳಗೆ ಕರೆದುಕೊಳ್ಳುವುದೇ ಹೀಗೆ. ಇಲ್ಲಿ ಬಾಲವೂ ಇದೆ: ಊಟ ಮಾಡಿದೆವು, ಫೋನ್ ಮಾಡಿದಳು. ಪರೀಕ್ಷೆ ಸುಲಭ. ಅದೇ ಮಾತನ್ನು ಮನೆಯವರ ಹತ್ತಿರ ಬಾಯಿಬಿಟ್ಟು ಹೇಳಿ ನೋಡಿ. "ರಿಪೇರಿ ಮಾಡ್ಸಿದೆ" ಅಂತ ಹೇಳುತ್ತೀರಿ, ಬಿಟ್ಟುಬಿಡಿ. "ದುರಸ್ತಿ ಕಾರ್ಯ ಕೈಗೊಂಡೆ" ಅಂತ ಹೇಳಿದರೆ ಹೆಂಡತಿಯೋ ಗಂಡನೋ ಹಣೆ ಮುಟ್ಟಿ ಜ್ವರ ನೋಡುತ್ತಾರೆ. ಅದನ್ನು ತಿದ್ದಿ.

ಹೆಸರಾಗಿಯೇ ನೆಲೆ ನಿಂತ ಪದಗಳನ್ನೂ ಮುಟ್ಟಬೇಡಿ. ಮದುವೆ, ಚುನಾವಣೆ, ನೋಂದಣಿ, ಜಾಮೀನು. ಇವಕ್ಕೆ ಕಾನೂನಿನಲ್ಲೋ ಬದುಕಿನಲ್ಲೋ ನಿಶ್ಚಿತ ಅರ್ಥ ಇದೆ. ಹಿಂದಿನ ವಾಕ್ಯದಲ್ಲಿ ಹೇಳಿದ್ದನ್ನು ಎತ್ತಿಕೊಂಡು ಮುಂದುವರಿಯಲು ಕೂಡ ನಾಮಪದವೇ ಬೇಕು. "ಮೇಂಟೆನೆನ್ಸ್ ಹೆಚ್ಚಿಸಲು ಸಭೆಯಲ್ಲಿ ನಿರ್ಧರಿಸಿದೆವು. ಈ ನಿರ್ಧಾರ ಏಪ್ರಿಲ್‌ನಿಂದ ಜಾರಿಗೆ ಬರುತ್ತದೆ." ಮೊದಲು ಕ್ರಿಯಾಪದವಾಗಿ ಬಂದು, ಆಮೇಲೆ ನಾಮಪದವಾದರೆ ಓದುವವರಿಗೆ ಯಾರು ಅನ್ನೋದು ಆಗಲೇ ಗೊತ್ತಿರುತ್ತದೆ. ತಲೆಕೆಳಗಾದರೆ ಮಾತ್ರ ಕಷ್ಟ.

ಇನ್ನು ಕೆಲವು ಸಲ 'ಯಾರು' ಅಂತ ಹೇಳದೇ ಇರುವುದೇ ಮರ್ಯಾದೆ. ಎರಡು ತಿಂಗಳು ಮೇಂಟೆನೆನ್ಸ್ ಕೊಡದವರಿಗೆ "ನೀವು ಕಟ್ಟಿಲ್ಲ" ಅಂತ ಬರೆದೆ. ಅವರ ಮನೆಯಲ್ಲಿ ಕೆಲಸ ಹೋಗಿತ್ತು ಅನ್ನೋದು ಆಮೇಲೆ ಗೊತ್ತಾಯಿತು. "ಎರಡು ತಿಂಗಳದ್ದು ಬಾಕಿ ಇದೆ, ಯಾವಾಗ ಆಗುತ್ತೆ ತಿಳಿಸಿ" ಅಂದಿದ್ದರೆ ವಿಷಯವೂ ತಲುಪುತ್ತಿತ್ತು, ಮನಸ್ಸೂ ನೋಯುತ್ತಿರಲಿಲ್ಲ. 'ಬಾಕಿ ಇದೆ' ಅನ್ನೋದಕ್ಕೆ ಯಾರತ್ತಲೂ ಬೆರಳು ತೋರಿಸದ ಗುಣ ಇದೆ. ನಮ್ಮ ತಪ್ಪನ್ನು ಮುಚ್ಚಿಕೊಳ್ಳಲು ಬಾಲ ಕತ್ತರಿಸುವುದು ಬೇರೆ, ಇನ್ನೊಬ್ಬರ ಮುಖ ಉಳಿಸಲು ಕತ್ತರಿಸುವುದು ಬೇರೆ.

ಆಫೀಸಿನಲ್ಲಿ

ನಿಮ್ಮಲ್ಲಿ ಹೆಚ್ಚಿನವರು ನೋಟಿಸ್ ಬರೆಯುವವರಲ್ಲ, ಮೇಲ್ ಬರೆಯುವವರು. ಪಕ್ಕದ ಮನೆಯ ಹುಡುಗ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಾನೆ. ವರ್ಷದ ಕೊನೆಗೆ ತನ್ನ ಕೆಲಸದ ವರದಿ ಕನ್ನಡದಲ್ಲಿ ಬರೆದು ತೋರಿಸಿದ. "ಗ್ರಾಮೀಣ ಶಾಲೆಗಳಲ್ಲಿ ಗ್ರಂಥಾಲಯ ವ್ಯವಸ್ಥೆಯ ಅನುಷ್ಠಾನ ಹಾಗೂ ನಿರ್ವಹಣೆಯಲ್ಲಿ ಸಕ್ರಿಯ ಪಾಲ್ಗೊಳ್ಳುವಿಕೆ ಹೊಂದಲಾಗಿತ್ತು."

"ನೀನು ಏನ್ಮಾಡಿದೆ?" ಅಂತ ಕೇಳಿದೆ. ಅಜ್ಜಿಯಿಂದ ಕಲಿತ ಪ್ರಶ್ನೆ.

"ಮೂರು ಶಾಲೆಗೆ ಹೋಗಿ ಕಪಾಟು ಜೋಡಿಸಿದೆ ಅಕ್ಕ. ಪುಸ್ತಕಕ್ಕೆಲ್ಲ ನಂಬರ್ ಹಾಕಿದೆ. ಐದನೇ ಕ್ಲಾಸಿನ ಮಕ್ಕಳಿಗೇ ಪುಸ್ತಕ ಕೊಡೋದು, ಬರ್ಕೊಳೋದು ಕಲಿಸಿದೆ. ಈಗ ಅವರೇ ನಡೆಸ್ತಾರೆ."

"ಇದನ್ನೇ ಬರಿ."

"ಇದು ತುಂಬ ಚಿಕ್ಕದಾಗಿ ಕಾಣಲ್ವಾ?"

ಈ ಅನುಮಾನ ಅವನೊಬ್ಬನದಲ್ಲ, ಟ್ಯಾಂಕ್ ನೋಟಿಸ್ ಬರೆಯುವಾಗ ನನಗೂ ಇದೇ ಇತ್ತು. ದಪ್ಪ ನಾಮಪದ ಇಟ್ಟರೆ ಕೆಲಸ ದೊಡ್ಡದಾಗಿ ಕಾಣುತ್ತದೆ ಅಂತ. ಆದರೆ 'ಅನುಷ್ಠಾನದಲ್ಲಿ ಪಾಲ್ಗೊಳ್ಳುವಿಕೆ' ಅಂದರೆ ಕಪಾಟು ಜೋಡಿಸಿದ್ದೂ ಆಗಬಹುದು, ಬರೀ ಉದ್ಘಾಟನೆಯ ದಿನ ಟೀ ಕುಡಿದು ಬಂದದ್ದೂ ಆಗಬಹುದು. ಓದುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಮಾಡಿದವನಿಗೇ ನಷ್ಟ. ಅವನು ಕೊನೆಗೆ ಹೇಳಿದ ಹಾಗೆಯೇ ಬರೆದ, 'ಬರ್ಕೊಳೋದು' ಮಾತ್ರ 'ಬರೆದುಕೊಳ್ಳುವುದು' ಆಯಿತು.

ನಿಮ್ಮದೇ ಬರಹ ಒಣಗಿದೆಯಾ ಅಂತ ತಿಳಿಯಲು ಒಂದು ಗುರುತು ಹೇಳಿ ಮುಗಿಸುತ್ತೇನೆ. ವಾಕ್ಯದ ಕೊನೆಯ ಪದಗಳನ್ನಷ್ಟೇ ಮೇಲಿಂದ ಕೆಳಗೆ ಓದಿಕೊಂಡು ಹೋಗಿ. ಕನ್ನಡದಲ್ಲಿ ಕ್ರಿಯಾಪದ ಕೂರುವುದು ಸಾಮಾನ್ಯವಾಗಿ ಅಲ್ಲೇ. ನನ್ನ ಹಳೆಯ ನೋಟಿಸಿನಲ್ಲಿ ಸಿಕ್ಕದ್ದು: ಇರುತ್ತದೆ, ಮಾಡಲಾಗುವುದು, ಸೂಕ್ತ, ನಿರೀಕ್ಷೆಯಲ್ಲಿ. ಇದು ಯಾವ ವಿಷಯದ ನೋಟಿಸ್ ಅಂತ ಇಷ್ಟರಿಂದ ಹೇಳೋಕೆ ಆಗುತ್ತಾ? ಹೊಸದರಲ್ಲಿ ಸಿಕ್ಕದ್ದು: ತೊಳೆಸುತ್ತೇವೆ, ಬಿಡುತ್ತೇವೆ, ಹಿಡಿದಿಟ್ಟುಕೊಳ್ಳಿ, ಹೊರಹಾಕುತ್ತಾರೆ, ಹಾಕುತ್ತೇನೆ, ಉಜ್ಜುತ್ತಾರೆ, ಹರಿಸಿ, ಹಿಡಿಯಿರಿ, ಫೋನ್ ಮಾಡಿ. ಬರೀ ಇದನ್ನು ಓದಿದರೂ ಭಾನುವಾರ ಏನಾಗುತ್ತದೆ ಅಂತ ಹೆಚ್ಚುಕಡಿಮೆ ಗೊತ್ತಾಗುತ್ತದೆ.

ಆರು ತಿಂಗಳಾದ ಮೇಲೆ ಮತ್ತೆ ಟ್ಯಾಂಕ್ ತೊಳೆಸಿದೆವು. ಈ ಸಲ ಗ್ರೂಪಿನಲ್ಲಿ ಹೆಬ್ಬೆಟ್ಟುಗಳು ಬರಲಿಲ್ಲ, ಪ್ರಶ್ನೆಗಳು ಬಂದವು. "9ರ ಬದಲು 10ಕ್ಕೆ ನಿಲ್ಲಿಸೋಕಾಗುತ್ತಾ?" "ವಾಷಿಂಗ್ ಮೆಷಿನ್ನಿನ ಪೈಪೂ ಬಿಡ್ಬೇಕಾ?" ಜನ ಓದಿದ್ದಾರೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಸಂಜೆ ನಾಲ್ಕೂವರೆಗೆ ಮೂರನೇ ಮಹಡಿಗೆ ಹೋದೆ. ಅಡುಗೆಮನೆಯಲ್ಲಿ, ಬಚ್ಚಲಲ್ಲಿ, ಬಾಲ್ಕನಿಯಲ್ಲಿ ಮೂರೂ ನಲ್ಲಿ ಸುರಿಯುತ್ತಿದ್ದವು. ಅಜ್ಜಿ ಕೆಳಗೆ ಬಕೆಟ್ ಇಟ್ಟುಕೊಂಡು, ಚೊಂಬಿನಲ್ಲಿ ಹಿಡಿದು ಹಿಡಿದು ಮೂಗಿನ ಹತ್ತಿರ ತಂದು ನೋಡುತ್ತಿದ್ದರು.

"ಇನ್ನೂ ಸ್ವಲ್ಪ ಇದೆ" ಅಂದರು. "ಈ ನೀರು ವೇಸ್ಟ್ ಮಾಡಲ್ಲ ಕಣಮ್ಮ, ನೆಲ ಒರೆಸ್ತೀನಿ. ಅದನ್ನೂ ಮುಂದಿನ ಸಲ ಬರಿ."

ಬರೆಯುತ್ತೇನೆ ಅಂದೆ.